ಗೃಹಾರೋಗ್ಯ: ಮಾಗಿಯ ತುರಿಕೆಯ ಮೂರು ಕಾರಣಗಳು

ಕಾರ್ತಿಕ ಕಳೆದು ಮಾರ್ಗಶಿರ ಕಾಲಿಟ್ಟಿತೆಂದರೆ ನಮ್ಮ ಬಯಲುಸೀಮೆಯಲ್ಲಿ ತೇವವಿಲ್ಲದ ಗಾಳಿ ಬೀಸತೊಡಗುವುದು. ಬೆಳಗಿನ ಜಾವ ಚಳಿ, ಹಗಲು ಚುರುಕು ಬಿಸಿಲು. ಒಗೆದು ಹರವಿದ ಬಟ್ಟೆ ಗಳಿಗೆಯೊಳಗೆ ಒಣಗುವುದು. ಬಟ್ಟೆಯ ತೇವವನ್ನು ಹೀರಿದ ಗಾಳಿಯೇ ಮನುಷ್ಯನ ಚರ್ಮದ ತೇವವನ್ನೂ ಹೀರುತ್ತದೆ. ಮನೆಯ ಹಿರಿಯರು ಸಂಜೆ ಜಗುಲಿಯ ಮೇಲೆ ಕುಳಿತು ಕಾಲು ಕೆರೆದುಕೊಳ್ಳಲಾರಂಭಿಸುವುದು ಈ ಕಾಲದಲ್ಲಿಯೇ. ಆಗ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ತೀರ್ಪು ಕೊಡುವರು. ಒಬ್ಬರು ವಯಸ್ಸಿನ ಧರ್ಮವೆಂದು ಸುಮ್ಮನಾಗುವರು. ಮತ್ತೊಬ್ಬರು ಕಜ್ಜಿಯೆಂದು ಗಂಧಕದ ಸಾಬೂನು ತರುವರು. ಮೂರನೆಯವರು ಅಂಗಡಿಯಲ್ಲಿ ಕೇಳಿ ಯಾವುದೋ ಒಂದು ಮುಲಾಮನ್ನು ಕೊಂಡು ತರುವರು. ಈ ಮೂವರಲ್ಲಿ ಯಾರಾದರೊಬ್ಬರು ಸರಿಯಿರಬಹುದು. ಆದರೆ ಯಾರೆಂಬುದನ್ನು ಗೊತ್ತುಮಾಡಿಕೊಳ್ಳದೆ ಔಷಧಕ್ಕೆ ಕೈಹಾಕಿದರೆ, ಒಂದು ವ್ಯಾಧಿಯ ಔಷಧವು ಇನ್ನೊಂದನ್ನು ಬೆಳೆಸುವುದು. ಈ ತಿಂಗಳು ಆ ವಿವೇಚನೆಯನ್ನೇ ವಾಚಕರ ಮುಂದಿಡುತ್ತೇನೆ.

ನಮ್ಮ ಹಿಂದಿನವರು ಶಬ್ದದಲ್ಲಿಯೇ ಈ ಭೇದವನ್ನು ಇಟ್ಟಿದ್ದರು. ತುರಿಕೆಯೆಂಬ ಅನುಭವಕ್ಕೆ ಸಂಸ್ಕೃತದಲ್ಲಿ ಕಂಡೂ ಎಂದು ಹೆಸರು. ಕಜ್ಜಿಯ ವ್ಯಾಧಿಗೆ ಪಾಮಾ, ಕಚ್ಛೂ ಎಂಬ ಬೇರೆ ಹೆಸರುಗಳು. ಮಂಡಲವಾಗಿ ಹರಡುವ ಹುಳುಕಡ್ಡಿಗೆ ದದ್ರು ಎಂಬುದು ಮತ್ತೂ ಬೇರೆ. ಕಂಡೂ ಎಂಬುದು ಲಕ್ಷಣ, ಉಳಿದವು ವ್ಯಾಧಿಗಳು. ನಾವು ಕನ್ನಡದಲ್ಲಿ ಎಲ್ಲವನ್ನೂ ‘ನವೆ’ ಎಂದೋ ‘ತುರಿಕೆ’ ಎಂದೋ ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದರಿಂದ ಲಕ್ಷಣವನ್ನೇ ವ್ಯಾಧಿಯೆಂದು ಭ್ರಮಿಸುತ್ತೇವೆ.

ಮೊದಲು ಒಣಚರ್ಮದ ವಿಚಾರ. ಚರ್ಮದ ಹೊರಪದರವನ್ನು ಇಟ್ಟಿಗೆಯ ಗೋಡೆಗೆ ಹೋಲಿಸಬಹುದು. ಸತ್ತು ಚಪ್ಪಟೆಯಾದ ಜೀವಕೋಶಗಳೇ ಇಟ್ಟಿಗೆಗಳು; ಅವುಗಳ ನಡುವಣ ಸ್ನಿಗ್ಧದ್ರವ್ಯವೇ ಗಾರೆ. ಗಾರೆ ಸರಿಯಾಗಿರುವವರೆಗೆ ಒಳಗಿನ ನೀರು ಹೊರಗೆ ಹೋಗದು, ಹೊರಗಿನ ಕೆರಳಿಸುವ ವಸ್ತು ಒಳಗೆ ಬಾರದು. ಮುಪ್ಪಿನಲ್ಲಿ ಈ ಗಾರೆ ಕಡಮೆಯಾಗುವುದು. ಎಣ್ಣೆಯ ಗ್ರಂಥಿಗಳ ಕೆಲಸವೂ ಇಳಿಮುಖವಾಗುವುದು. ಎಣ್ಣೆಯ ಗ್ರಂಥಿಗಳು ಮೊದಲೇ ವಿರಳವಾಗಿರುವ ಮೊಣಕಾಲಿನ ಕೆಳಗಣ ಮುಂಭಾಗದಲ್ಲಿ ಕೊರತೆಯು ಮೊದಲು ಕಾಣಿಸಿಕೊಳ್ಳುತ್ತದೆ. ಇದರ ಮೇಲೆ ಒಣಹವೆ ಸೇರಿತು. ಚಳಿಯೆಂದು ಹಂಡೆಯ ಸುಡುನೀರನ್ನು ಅರ್ಧ ಗಂಟೆ ಹೊಯ್ದುಕೊಂಡದ್ದೂ ಸೇರಿತು. ಕ್ಷಾರಗುಣದ ಸಾಬೂನು ಸೇರಿತು. ಬಿಸಿನೀರೂ ಸಾಬೂನೂ ಪಾತ್ರೆಯ ಜಿಡ್ಡನ್ನು ತೆಗೆಯುವಂತೆ ಚರ್ಮದ ಗಾರೆಯನ್ನೂ ತೆಗೆದುಬಿಡುವುವು. ಮೊದಲು ಚರ್ಮ ಬೆಳ್ಳಗೆ ಹೊಟ್ಟುಹೊಟ್ಟಾಗುವುದು. ಉಗುರಿನಿಂದ ಗೀರಿದರೆ ಸುಣ್ಣದ ಗೆರೆಯಂತೆ ಕಾಣುವುದು. ಬಳಿಕ ಬೇಸಗೆಯಲ್ಲಿ ಬತ್ತಿದ ಕೆರೆಯ ಅಂಗಳದಂತೆ ಅಡ್ಡಲಾಗಿ ಉದ್ದಲಾಗಿ ಸಣ್ಣ ಬಿರುಕುಗಳು ಬಿಡುವುವು. ಬಿರುಕಿನ ಅಂಚು ಕೆಂಪಾಗಿ ಉರಿಯುವುದು.

ಎರಡನೆಯದು ಕಜ್ಜಿ. ಇದು ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣದಾದ ಒಂದು ಹುಳುವಿನ ಕೆಲಸ. ಹೆಣ್ಣುಹುಳುವಿನ ಉದ್ದ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು. 1687ರಷ್ಟು ಹಿಂದೆಯೇ ಇಟಲಿಯ ಬೊನೊಮೊ ಮತ್ತು ಚೆಸ್ಟೋನಿ ಎಂಬಿಬ್ಬರು ಈ ಹುಳುವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕಜ್ಜಿಗೆ ಇದೇ ಕಾರಣವೆಂದು ಬರೆದರು. ಹೆಣ್ಣುಹುಳು ಚರ್ಮದ ಮೇಲ್ಪದರದಲ್ಲಿ ಬಿಲವನ್ನು ಕೊರೆದು ಮೊಟ್ಟೆಯಿಡುತ್ತದೆ. ಸಾಧಾರಣ ಕಜ್ಜಿಯಲ್ಲಿ ಇಡೀ ಮೈಯಲ್ಲಿ ಹತ್ತು ಹದಿನೈದು ಹುಳುಗಳಿಗಿಂತ ಹೆಚ್ಚಿರುವುದಿಲ್ಲ. ಹಾಗಿದ್ದೂ ಮೈಯೆಲ್ಲ ಏಕೆ ತುರಿಸುತ್ತದೆ? ಹುಳುವಿಗೂ ಅದರ ಮಲಕ್ಕೂ ಮೊಟ್ಟೆಗೂ ನಮ್ಮ ದೇಹವು ಕೆರಳುವುದರಿಂದ. ಈ ಕೆರಳಿಕೆ ಹುಟ್ಟಲು ಮೊದಲ ಸಲ ಎರಡರಿಂದ ಆರು ವಾರ ಹಿಡಿಯುವುದು. ಅಲ್ಲಿಯವರೆಗೆ ಅಂಟಿಸಿಕೊಂಡವನಿಗೆ ತುರಿಕೆಯಿರದು. ಆದರೆ ಅವನು ಪಕ್ಕದಲ್ಲಿ ಮಲಗಿದವರಿಗೆ ಹುಳುವನ್ನು ಕೊಡಬಲ್ಲನು. ಕಜ್ಜಿಯು ಕೊಳಕರ ರೋಗವೆಂಬ ನಂಬಿಕೆ ಸರಿಯಲ್ಲ. ದಿನಕ್ಕೆರಡು ಸಲ ಮೀಯುವವರಿಗೂ ಅದು ಬರುವುದು. ಮೈಗೆ ಮೈ ತಗುಲಿ ಬಹಳ ಹೊತ್ತು ಇರುವುದರಿಂದ ಅದು ಹರಡುತ್ತದೆ.

ಮೂರನೆಯದು ಹುಳುಕಡ್ಡಿ ಅಥವಾ ಗಜಕರ್ಣ. ಹೆಸರಿನಲ್ಲಿ ಹುಳುವಿದ್ದರೂ ಇದರಲ್ಲಿ ಹುಳುವಿಲ್ಲ. ಹಳಸಿದ ರೊಟ್ಟಿಯ ಮೇಲೆ ಹಿಡಿಯುವ ಬೂಷ್ಟಿನ ವರ್ಗಕ್ಕೆ ಸೇರಿದ ಶಿಲೀಂಧ್ರವೊಂದು ಚರ್ಮದ ಮೇಲ್ಪದರವನ್ನು ತಿನ್ನುತ್ತ ಹೊರಹೊರಗೆ ಸರಿಯುವುದು. ಆದುದರಿಂದ ಅದರ ಅಂಚು ಉಬ್ಬಿ, ಕೆಂಪಾಗಿ, ಹೊಟ್ಟೇಳುತ್ತಿರುವಾಗ ನಡುವಣ ಭಾಗ ತಿಳಿಯಾಗಿ ಕಾಣುವುದು. ಒಣಹವೆ ಇದಕ್ಕೆ ಹಿತವಲ್ಲ; ಬೆವರು ನಿಲ್ಲುವ ತೊಡೆಸಂದು, ಸೊಂಟದ ಪಟ್ಟಿ, ಸ್ತನದ ಕೆಳಭಾಗ, ಕಾಲ್ಬೆರಳ ಸಂದು ಇದರ ಬೀಡು.

ಈಗ ಮೂರನ್ನೂ ಬೇರ್ಪಡಿಸುವುದು ಹೇಗೆ? ಮೂರು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿದರೆ ಬಹುಪಾಲು ಕೆಲಸವಾದಂತೆಯೇ. ತುರಿಕೆ ಎಲ್ಲಿ? ಯಾವಾಗ ಹೆಚ್ಚು? ಮನೆಯಲ್ಲಿ ಇನ್ನಾರಿಗೆ ಇದೆ? ಒಣಚರ್ಮವು ಎರಡು ಕಾಲಿಗೂ ಸಮವಾಗಿ, ಮುಂಭಾಗದಲ್ಲಿ ಹೆಚ್ಚಾಗಿ, ಕೆಲವೊಮ್ಮೆ ಕೈ ಮತ್ತು ಪಕ್ಕೆಗಳಲ್ಲಿಯೂ ಬರುವುದು. ಬೆರಳಸಂದಿಗೂ ತೊಡೆಸಂದಿಗೂ ಹೋಗುವುದಿಲ್ಲ. ಸ್ನಾನವಾದ ಮೇಲೆ ಹೆಚ್ಚಿ, ಎಣ್ಣೆ ಹಚ್ಚಿದರೆ ಒಂದು ಗಳಿಗೆಯಲ್ಲಿಯೇ ಶಾಂತವಾಗುವುದು, ಇತರರಿಗೆ ಅಂಟದು. ಕಜ್ಜಿಯು ಬೆರಳಸಂದು, ಮಣಿಕಟ್ಟಿನ ಒಳಮೈ, ಕಂಕುಳು, ಹೊಕ್ಕುಳ ಸುತ್ತು, ಸೊಂಟ, ಪೃಷ್ಠ, ಗುಹ್ಯಭಾಗಗಳನ್ನು ಆರಿಸಿಕೊಳ್ಳುವುದು. ಹಾಸಿಗೆಯಲ್ಲಿ ಮೈ ಬೆಚ್ಚಗಾದೊಡನೆ ನಿದ್ದೆಗೆಡಿಸುವಷ್ಟು ಏಳುವುದು. ಕೆಲವು ವಾರಗಳಲ್ಲಿ ಮನೆಯ ಮತ್ತೊಬ್ಬರೂ ಕೆರೆದುಕೊಳ್ಳತೊಡಗುವರು. ಹುಳುಕಡ್ಡಿಯು ಒಂದೆಡೆ ಎಲ್ಲೆಕಟ್ಟಿದ ಮಂಡಲವಾಗಿ, ಪ್ರಾಯಶಃ ಎರಡು ಪಕ್ಕಕ್ಕೂ ಸಮವಲ್ಲದೆ ಇರುವುದು; ಬೆವರಿದಾಗ ಹೆಚ್ಚುವುದು. ಪೆನ್ನಿನಿಂದ ಅಂಚಿನ ಸುತ್ತ ಒಂದು ಗೆರೆ ಎಳೆದು ವಾರ ಬಿಟ್ಟು ನೋಡಿದರೆ, ಗೆರೆ ದಾಟಿ ಹೊರಗೆ ಸರಿದಿರುವುದು ಕಾಣಬಹುದು.

ಧಾರವಾಡದ ಪರಿಚಿತ ಮನೆಯೊಂದರಲ್ಲಿ ಒಂದೇ ಚಳಿಗಾಲದಲ್ಲಿ ಮೂರೂ ಕಾಣಿಸಿಕೊಂಡುವು. ಅದನ್ನು ವಿವರವಾಗಿ ಹೇಳಿದರೆ ಮೇಲಿನ ಮಾತು ಸ್ಪಷ್ಟವಾಗುವುದು. ಮನೆಯಲ್ಲಿ 72 ವರ್ಷದ ಅಜ್ಜಿ, 76 ವರ್ಷದ ಸಕ್ಕರೆ ಕಾಯಿಲೆಯ ಅಜ್ಜ, ಮಗ, ಸೊಸೆ. ಮೊಮ್ಮಗನು ಬೇರೆ ಊರಿನ ವಿದ್ಯಾರ್ಥಿನಿಲಯದಲ್ಲಿದ್ದನು.

ಡಿಸೆಂಬರಿನ ಆರಂಭದಲ್ಲಿ ಅಜ್ಜಿಗೆ ಎರಡು ಕಾಲಿನ ಮುಂಭಾಗವೂ ತುರಿಸತೊಡಗಿತು. ಕಜ್ಜಿಯಿರಬೇಕೆಂದು ಗಂಧಕದ ಸಾಬೂನು ತಂದು, ಬೆಳಗ್ಗೆ ಸಂಜೆ ಸುಡುನೀರಿನಲ್ಲಿ ತಿಕ್ಕಿ ತೊಳೆದರು. ಗಂಧಕವು ಒಣಗಿಸುವ ದ್ರವ್ಯ. ಹತ್ತು ದಿನಗಳಲ್ಲಿ ಕಾಲು ಬಿರಿದು ರಕ್ತ ಜಿನುಗಿತು. ಆಗ ಸೊಸೆಯು ಅತ್ತೆಯವರನ್ನು ವೈದ್ಯೆಯಲ್ಲಿಗೆ ಕರೆದೊಯ್ದಳು. ಆಕೆ ಬೆರಳಸಂದು, ಮಣಿಕಟ್ಟು, ಸೊಂಟಗಳನ್ನು ನೋಡಿ, ಅಲ್ಲೇನೂ ಇಲ್ಲದ್ದರಿಂದ, “ಅಜ್ಜೀ, ನಿಮಗೆ ಕಜ್ಜಿಯಿಲ್ಲ, ಕಾಲು ನೀರಿಲ್ಲದೆ ಬಿರಿದಿದೆ. ಸಾಬೂನನ್ನು ಬಿಡಿ” ಎಂದರು.

ಅವರು ಹೇಳಿದ ಕ್ರಮ ಹೀಗಿತ್ತು. ದಿನಕ್ಕೆ ಒಂದೇ ಸ್ನಾನ, ಉಗುರುಬೆಚ್ಚಗಿನ ನೀರಿನಲ್ಲಿ, ಐದರಿಂದ ಹತ್ತು ನಿಮಿಷ. ಸಾಬೂನು ಕಂಕುಳು, ತೊಡೆಸಂದು, ಪಾದಗಳಿಗೆ ಮಾತ್ರ, ಕೈಕಾಲುಗಳಿಗೆ ಬೇಡ. ಕಲ್ಲಿನಿಂದಾಗಲಿ ನಾರಿನಿಂದಾಗಲಿ ಉಜ್ಜಬಾರದು. ಮೈಯನ್ನು ಒತ್ತಿ ಒರಸಿ, ಇನ್ನೂ ಪಸೆಯಿರುವಾಗಲೇ, ಎಂದರೆ ಎರಡು ಮೂರು ನಿಮಿಷಗಳೊಳಗೆ, ಪೆಟ್ರೋಲಿಯಂ ಜೆಲ್ಲಿಯನ್ನೋ ಸುವಾಸನೆಯಿಲ್ಲದ ದಪ್ಪ ಲೇಪವನ್ನೋ ಹಚ್ಚಬೇಕು, ಮಲಗುವಾಗ ಮತ್ತೊಮ್ಮೆ. ಬಿರಿದು ಕೆಂಪಾದ ಜಾಗಕ್ಕೆ ಮಾತ್ರ, ಕೆಲವೇ ದಿನಗಳ ಮಟ್ಟಿಗೆ, ಒಂದು ಸೌಮ್ಯವಾದ ಮುಲಾಮನ್ನು ಅವರು ಬರೆದುಕೊಟ್ಟರು.

ಇಲ್ಲಿ ನಮ್ಮ ಎಣ್ಣೆಸ್ನಾನದ ವಿಚಾರವಾಗಿ ಒಂದು ಮಾತು. ನಾವು ಮೊದಲು ಎಣ್ಣೆ ಹಚ್ಚಿ, ಬಳಿಕ ಸೀಗೆಪುಡಿಯಿಂದಲೋ ಕಡಲೆಹಿಟ್ಟಿನಿಂದಲೋ ಅದನ್ನು ತೆಗೆದುಬಿಡುತ್ತೇವೆ. ಒಣಚರ್ಮದವರಿಗೆ ಈ ಕ್ರಮ ತಲೆಕೆಳಗಾಗಬೇಕು. ಎಣ್ಣೆಯು ಚರ್ಮಕ್ಕೆ ನೀರನ್ನು ಕೊಡುವುದಿಲ್ಲ. ಚರ್ಮದಲ್ಲಿರುವ ನೀರು ಹಾರಿಹೋಗದಂತೆ ಮುಚ್ಚಳವಾಗುತ್ತದೆ. ಮುಚ್ಚಳವನ್ನು ಮುಚ್ಚಬೇಕಾದುದು ಪಾತ್ರೆ ತುಂಬಿದ ಮೇಲೆ. ಆದುದರಿಂದ ಸ್ನಾನವಾದ ಮೇಲೆ, ತೇವದ ಮೈಗೆ, ತೆಳುವಾಗಿ ಕೊಬ್ಬರಿ ಎಣ್ಣೆ ಹಚ್ಚಿ ಹಾಗೆಯೇ ಬಿಡುವುದು ಒಳ್ಳೆಯದು. ಸಾಸಿವೆ ಎಣ್ಣೆ ಬಿರಿದ ಚರ್ಮವನ್ನು ಕೆರಳಿಸಬಲ್ಲುದು, ಅದು ಬೇಡ. ಅಂಗಾಲಿಗೆ ಎಣ್ಣೆ ಹಚ್ಚಿ ಬಚ್ಚಲಲ್ಲಿ ನಡೆಯಬಾರದು. ಈ ವಯಸ್ಸಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದರೆ ತುರಿಕೆಯೇ ಮೇಲೆನಿಸುವುದು. ಎಣ್ಣೆ ಅಥವಾ ಜೆಲ್ಲಿ ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುವುದರಿಂದ ಒಲೆಯ ಬಳಿ, ದೀಪದ ಬಳಿ ಎಚ್ಚರವಿರಬೇಕು.

ಈ ಕ್ರಮದಿಂದ ಎರಡು ವಾರಗಳಲ್ಲಿ ಅಜ್ಜಿಯ ಕಾಲು ವಾಸಿಯಾಯಿತು. ಡಿಸೆಂಬರಿನ ಕೊನೆಯ ವಾರ ಮೊಮ್ಮಗ ರಜೆಗೆ ಬಂದು, ಎಂಟು ದಿನ ಅಜ್ಜಿಯ ಮಗ್ಗುಲಲ್ಲಿಯೇ ಮಲಗಿ, ಹಿಂದಿರುಗಿದನು. ಜನವರಿಯ ಕೊನೆಗೆ ಅಜ್ಜಿಗೆ ಪುನಃ ತುರಿಕೆ ಶುರುವಾಯಿತು. ಮನೆಯವರೆಲ್ಲರೂ ಹಳೆಯ ಒಣಚರ್ಮವೇ ಮರಳಿತೆಂದು ಎಣ್ಣೆಯನ್ನು ಹೆಚ್ಚಿಸಿದರು. ಹತ್ತು ದಿನವಾದರೂ ಗುಣ ಕಾಣಲಿಲ್ಲ. ನಮ್ಮ ಮೂರು ಪ್ರಶ್ನೆಗಳಿಗೆ ಈ ಸಲ ಬಂದ ಉತ್ತರಗಳನ್ನು ವಾಚಕರು ಗಮನಿಸಬೇಕು. ಎಲ್ಲಿ? ಕಾಲಿನಲ್ಲಲ್ಲ, ಮಣಿಕಟ್ಟಿನಲ್ಲಿ ಮತ್ತು ಸೀರೆಯ ಗಂಟಿನ ಸುತ್ತ. ಯಾವಾಗ? ಸ್ನಾನದ ಬಳಿಕವಲ್ಲ, ರಾತ್ರಿ ಹೊದ್ದು ಮಲಗಿದ ಮೇಲೆ. ಇನ್ನಾರಿಗೆ? ಸೊಸೆಯ ಬೆರಳಸಂದಿನಲ್ಲಿ ಸಣ್ಣ ಗುಳ್ಳೆಗಳೆದ್ದಿದ್ದುವು. ದೂರವಾಣಿಯಲ್ಲಿ ಕೇಳಿದಾಗ ಮೊಮ್ಮಗನೂ ತನ್ನ ಕೋಣೆಯ ಹುಡುಗರೂ ತಿಂಗಳಿಂದ ತುರಿಸಿಕೊಳ್ಳುತ್ತಿರುವುದು ತಿಳಿಯಿತು. ವೈದ್ಯೆಯು ಭೂತಗನ್ನಡಿ ಹಿಡಿದು ಮಣಿಕಟ್ಟಿನಲ್ಲಿ ಕೂದಲೆಳೆಯಂತಹ ವಕ್ರವಾದ ಬೂದುಗೆರೆಯೊಂದನ್ನು ತೋರಿಸಿದರು. ಅದೇ ಹುಳುವಿನ ಬಿಲ.

ಕಜ್ಜಿಯ ಔಷಧದಲ್ಲಿ ಔಷಧಕ್ಕಿಂತ ಕ್ರಮವೇ ಮುಖ್ಯ. ನೂರಕ್ಕೆ 5 ಪಾಲಿನ ಪರ್ಮೆಥ್ರಿನ್ ಮುಲಾಮನ್ನು ಒಬ್ಬ ವಯಸ್ಕರಿಗೆ ಸುಮಾರು 30 ಗ್ರಾಂನಂತೆ ಅವರು ಬರೆದುಕೊಟ್ಟರು. ಶನಿವಾರ ರಾತ್ರಿ ಮನೆಯ ನಾಲ್ವರೂ, ತುರಿಕೆಯಿಲ್ಲದ ಮಗನೂ ಸೇರಿ, ಒಂದೇ ಹೊತ್ತಿನಲ್ಲಿ ಹಚ್ಚಿಕೊಂಡರು. ತುರಿಸುವ ಜಾಗಕ್ಕೆ ಮಾತ್ರ ಹಚ್ಚಿದರೆ ಪ್ರಯೋಜನವಿಲ್ಲ. ಕುತ್ತಿಗೆಯಿಂದ ಅಂಗಾಲಿನವರೆಗೆ, ಬೆರಳಸಂದು, ಹೊಕ್ಕುಳು, ಉಗುರಿನ ಕೆಳಗೂ ತಲಪಬೇಕು. ವೃದ್ಧರಿಗೆ ಹುಳುವು ನೆತ್ತಿಗೂ ಕಿವಿಯ ಹಿಂಭಾಗಕ್ಕೂ ಹೋಗಬಹುದಾದ್ದರಿಂದ ಅಜ್ಜ ಅಜ್ಜಿಯರಿಗೆ ಕಣ್ಣು ಬಾಯಿ ಬಿಟ್ಟು ಮುಖಕ್ಕೂ ತಲೆಗೂ ಹಚ್ಚಿಸಿದರು. ರಾತ್ರಿಯಿಡೀ, ಎಂಟರಿಂದ ಹದಿನಾಲ್ಕು ಗಂಟೆ, ಅದು ಮೈಮೇಲಿರಬೇಕು. ನಡುವೆ ಕೈ ತೊಳೆದರೆ ಕೈಗೆ ಪುನಃ ಹಚ್ಚಬೇಕು. ಬೆಳಗ್ಗೆ ಮಿಂದು, ಹಿಂದಿನ ಮೂರು ದಿನ ಬಳಸಿದ ಬಟ್ಟೆ, ಹಾಸಿಗೆಯ ಹೊದಿಕೆ, ಟವೆಲುಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿದರು. ಒಗೆಯಲಾಗದ ಕಂಬಳಿಯನ್ನು ಚೀಲದಲ್ಲಿ ಕಟ್ಟಿ ಒಂದು ವಾರ ಮುಟ್ಟದೆ ಇಟ್ಟರು. ಮನುಷ್ಯನ ಮೈಯಿಂದ ದೂರವಾದ ಹುಳು ಎರಡು ಮೂರು ದಿನಗಳಿಗಿಂತ ಹೆಚ್ಚು ಬದುಕದು. ಉಳಿದ ಮೊಟ್ಟೆಗಳೊಡೆದು ಬರುವ ಮರಿಗಳಿಗಾಗಿ ಏಳು ದಿನ ಕಳೆದು ಎಲ್ಲರೂ ಎರಡನೆಯ ಸಲ ಹಚ್ಚಿಕೊಂಡರು. ಮೊಮ್ಮಗನಿಗೂ ಅವನ ಕೋಣೆಯವರಿಗೂ ಅದೇ ವಾರ ಚಿಕಿತ್ಸೆಯಾಯಿತು. ಇಲ್ಲವಾದರೆ ಮುಂದಿನ ರಜೆಗೆ ಕಜ್ಜಿಯೂ ಅವನೊಡನೆ ಬರುತ್ತಿತ್ತು.

ಇಷ್ಟಾದರೂ ಅಜ್ಜಿಯ ತುರಿಕೆ ಒಡನೆ ನಿಲ್ಲಲಿಲ್ಲ. ಮನೆಯವರು ಮೂರನೆಯ ಸಲ, ನಾಲ್ಕನೆಯ ಸಲ ಹಚ್ಚಲು ಸಿದ್ಧರಾದರು. ಇಲ್ಲಿಯೇ ಬಹುಮಂದಿ ಎಡವುವುದು. ಹುಳು ಸತ್ತ ಮೇಲೂ ಅದರ ಅವಶೇಷವು ಚರ್ಮದಲ್ಲಿರುವವರೆಗೆ ಎರಡರಿಂದ ನಾಲ್ಕು ವಾರ ತುರಿಕೆ ಉಳಿಯುವುದು ಸಹಜ. ಆಗ ಪುನಃ ಪುನಃ ಕಜ್ಜಿಯ ಔಷಧವನ್ನು ಹಚ್ಚಿದರೆ ಮುಪ್ಪಿನ ಚರ್ಮ ಕೆರಳಿ, ಮೊದಲಿನ ಬಿರುಕಿಗೇ ಹಿಂದಿರುಗುವುದು. ಹೊಸ ಗುಳ್ಳೆಗಳೂ ಹೊಸ ಬಿಲಗಳೂ ಕಾಣದಿದ್ದರೆ ಜೆಲ್ಲಿಯನ್ನು ಹಚ್ಚುತ್ತ ಕಾಯಬೇಕು. ನಾಲ್ಕು ವಾರ ಕಳೆದರೂ ನಿಲ್ಲದಿದ್ದರೆ, ಅಥವಾ ಹೊಸ ಗುಳ್ಳೆಗಳು ಎದ್ದರೆ, ವೈದ್ಯರಿಗೆ ತೋರಿಸಬೇಕು. ಅಜ್ಜಿಗೆ ಮೂರು ವಾರಗಳಲ್ಲಿ ತುರಿಕೆ ನಿಂತಿತು.

ಅಜ್ಜನ ಕಥೆ ಬೇರೆ. ಅವರಿಗೂ ಸೊಂಟದಲ್ಲಿ ತುರಿಕೆಯಿದ್ದುದರಿಂದ ಅದೂ ಕಜ್ಜಿಯೆಂದೇ ಎಲ್ಲರೂ ತಿಳಿದಿದ್ದರು. ಆದರೆ ಎರಡು ಸಲದ ಮುಲಾಮಿನಿಂದಲೂ ಅದು ಕದಲಲಿಲ್ಲ. ಧೋತರದ ಗಂಟಿನಿಂದ ಬಲತೊಡೆಯ ಸಂದಿನವರೆಗೆ ಕೆಂಪು ಕಲೆ ಹರಡಿತ್ತು, ಎಡಕ್ಕೆ ಇರಲಿಲ್ಲ. ಸ್ಪಷ್ಟವಾದ ಮಂಡಲವೂ ಕಾಣುತ್ತಿರಲಿಲ್ಲ. ವಿಚಾರಿಸಿದಾಗ, ಮೂರು ತಿಂಗಳಿಂದ ಅಂಗಡಿಯಲ್ಲಿ ಕೊಂಡ ಮಿಶ್ರ ಮುಲಾಮೊಂದನ್ನು ಹಚ್ಚುತ್ತಿದ್ದುದು ಹೊರಬಿತ್ತು. ಇಂತಹ ಮುಲಾಮುಗಳಲ್ಲಿ ಶಿಲೀಂಧ್ರದ ಔಷಧದೊಡನೆ ಕ್ಲೊಬೆಟಸಾಲ್ ಮೊದಲಾದ ತೀವ್ರ ಸ್ಟಿರಾಯ್ಡ್ ಸೇರಿರುತ್ತದೆ. ಸ್ಟಿರಾಯ್ಡು ಎರಡೇ ದಿನಗಳಲ್ಲಿ ತುರಿಕೆಯನ್ನು ಅಡಗಿಸುವುದು. ಹಚ್ಚಿದವರು ಔಷಧ ಹಿಡಿಯಿತೆಂದು ಸಂತೋಷಪಡುವರು. ಆದರೆ ಅದು ಕಾವಲುಗಾರನನ್ನು ಮಲಗಿಸಿ ಕಳ್ಳನನ್ನು ಒಳಗೆ ಬಿಟ್ಟಂತೆ. ದೇಹದ ಪ್ರತಿಭಟನೆಯೇ ಕೆಂಪು ಮತ್ತು ಉಬ್ಬು. ಅದು ಅಡಗಿದಾಗ ಉಂಗುರದ ಗುರುತು ಅಳಿಸಿಹೋಗುವುದು, ಶಿಲೀಂಧ್ರವು ನಿರಾತಂಕವಾಗಿ ಹರಡುವುದು. ಬಿಟ್ಟೊಡನೆ ಇಮ್ಮಡಿಯಾಗಿ ಏಳುವುದು, ಪುನಃ ಹಚ್ಚುವುದು, ಹೀಗೆ ಚಕ್ರ ಸುತ್ತುತ್ತದೆ. ಜೊತೆಗೆ ತೊಡೆಸಂದಿನ ಚರ್ಮ ತೆಳುವಾಗಿ ಬಿರುಕುಗೆರೆಗಳು ಶಾಶ್ವತವಾಗಿ ಬೀಳುವುವು. ಭಾರತದಲ್ಲಿ ಹುಳುಕಡ್ಡಿಯು ಈಚಿನ ವರ್ಷಗಳಲ್ಲಿ ಹಟಮಾರಿಯಾಗಿರುವುದಕ್ಕೆ ಈ ಮುಲಾಮುಗಳ ದುರುಪಯೋಗವೂ ಒಂದು ಕಾರಣವೆಂದು ಚರ್ಮವೈದ್ಯರು ಎಣಿಸುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರವು ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ಕೊಳ್ಳುವವರು ಡಬ್ಬಿಯ ಮೇಲಣ ಹೆಸರುಗಳನ್ನು ಓದಿಕೊಳ್ಳುವುದು ಕ್ಷೇಮ; ಕೊನೆಯಲ್ಲಿ ‘ಸೋನ್’ ಅಥವಾ ‘ಸಾಲ್’ ಎಂದಿದ್ದರೆ ಸ್ಟಿರಾಯ್ಡ್ ಇರಬಹುದೆಂದು ಶಂಕಿಸಿ ವೈದ್ಯರನ್ನು ಕೇಳಬೇಕು.

ವೈದ್ಯೆಯು ಕಲೆಯ ಅಂಚಿನ ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಶಿಲೀಂಧ್ರದ ಎಳೆಗಳನ್ನು ಕಂಡರು. ಮಿಶ್ರ ಮುಲಾಮನ್ನು ನಿಲ್ಲಿಸಿ, ಕೆಲವು ದಿನ ಕೆಂಪು ಹೆಚ್ಚುವುದೆಂದು ಮೊದಲೇ ಎಚ್ಚರಿಸಿ, ಕಲೆ ದೊಡ್ಡದಾಗಿದ್ದುದರಿಂದ ಮಾತ್ರೆಯನ್ನೂ ಶುದ್ಧ ಶಿಲೀಂಧ್ರನಾಶಕ ಮುಲಾಮನ್ನೂ ಕೊಟ್ಟರು. ಅದನ್ನು ಅಂಚಿನಿಂದ ಎರಡು ಬೆರಳು ಹೊರಗಿನವರೆಗೂ ಹಚ್ಚಬೇಕು. ಕಲೆ ಮಾಯವಾದ ಮೇಲೂ ಎರಡು ವಾರ ಬಿಡಬಾರದು. ಸೊಂಟವನ್ನು ಒಣಗಿಸಿ ಇಡಬೇಕು, ಟವೆಲು ಪ್ರತ್ಯೇಕವಾಗಿರಬೇಕು. ಸಕ್ಕರೆ ಕಾಯಿಲೆಯೂ ಹತೋಟಿಗೆ ಬರಬೇಕು. ಅಜ್ಜನಿಗೆ ಗುಣವಾಗಲು ಆರು ವಾರ ಹಿಡಿಯಿತು. ಅಜ್ಜಿಯ ಕಾಲಿಗೆ ಅಮೃತವಾಗಿದ್ದ ಜಿಡ್ಡು ಈ ಸಂದಿಗೆ ಹಿತವಲ್ಲ. ಅಲ್ಲಿ ತೇವವನ್ನು ಹಿಡಿದಿಡುವುದೇ ಶಿಲೀಂಧ್ರಕ್ಕೆ ಅನ್ನವಿಕ್ಕಿದಂತೆ.

ಮನೆಯ ವಿವೇಚನೆಗೂ ಒಂದು ಎಲ್ಲೆಯುಂಟು. ಹಾಸಿಗೆ ಹಿಡಿದ ವೃದ್ಧರಿಗೆ ಕೆಲವೊಮ್ಮೆ ಕಜ್ಜಿಯು ಹೆಚ್ಚು ತುರಿಕೆಯಿಲ್ಲದೆ, ಕೈಕಾಲುಗಳಲ್ಲಿ ದಪ್ಪ ಹೊಪ್ಪಳೆಯಾಗಿ ಬರುವುದು. ಅದನ್ನು ಬರಿಯ ಒಣಚರ್ಮವೆಂದು ಬಿಟ್ಟರೆ, ಸಾವಿರಾರು ಹುಳುಗಳಿರುವ ಆ ಒಂದು ಮೈಯಿಂದ ಆರೈಕೆ ಮಾಡುವವರೆಲ್ಲರಿಗೂ ಹರಡುವುದು. ಬಿರಿದ ಕಾಲು ಬಿಸಿಯಾಗಿ ಊದಿ ಜ್ವರ ಬಂದರೆ, ಕೀವು ಕಂಡರೆ, ಮೈಮೇಲೆ ನೀರುಗುಳ್ಳೆಗಳೆದ್ದರೆ, ಅದೇ ದಿನ ವೈದ್ಯರನ್ನು ಕಾಣಬೇಕು. ಎರಡು ವಾರ ಕ್ರಮವಾಗಿ ಲೇಪನ ಮಾಡಿದರೂ, ಚರ್ಮದಲ್ಲಿ ಏನೂ ಕಾಣದೆ ಮೈಯೆಲ್ಲ ತುರಿಸುತ್ತಿದ್ದರೆ, ಮೂತ್ರಪಿಂಡ, ಯಕೃತ್ತು, ಥೈರಾಯ್ಡ್ ಗ್ರಂಥಿಗಳ ದೋಷವೋ, ಸೇವಿಸುತ್ತಿರುವ ಔಷಧವೋ ಕಾರಣವಾಗಿರಬಹುದು; ರಕ್ತಪರೀಕ್ಷೆ ಬೇಕಾಗುವುದು.

ಹಿರಿಯರು ಕೆಲವು ಜಾಗಗಳನ್ನು ಸಂಕೋಚದಿಂದ ತೋರಿಸುವುದಿಲ್ಲ. ಕಾಲನ್ನು ಮಾತ್ರ ತೋರಿಸಿ ಸುಮ್ಮನಾಗುವರು. ಆದುದರಿಂದ ಮನೆಯವರು ವೈದ್ಯರಲ್ಲಿಗೆ ಹೋಗುವ ಮುನ್ನ ಎಲ್ಲಿ, ಯಾವಾಗ, ಇನ್ನಾರಿಗೆ ಎಂಬ ಮೂರಕ್ಕೂ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಈವರೆಗೆ ಹಚ್ಚಿದ ಮುಲಾಮಿನ ಡಬ್ಬಿಗಳನ್ನೂ ಜೊತೆಗೆ ಕೊಂಡೊಯ್ಯತಕ್ಕದ್ದು.